ನಾಲ್ಕೂಕಾಲು ಪಟ್ಟಿನ ಪೇಚಾಟ

ಇಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಕೇಳಿದ್ದಾರೆ: "ಬ್ರೌಸರ್‌ನಲ್ಲೇ ಆಡುವಂಥ ಒಂದು ಪುಟ್ಟ ಗೇಮ್ ಮಾಡಿದ್ದೇನೆ ಸರ್. ಕಾಲೇಜಿನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಪರದೆಗೆ ಹಿಗ್ಗಿಸಿದರೆ ನಾಯಕ ನಡೆಯುವಾಗ ಅವನ ಮುಖ ನಡುಗುತ್ತದೆ. ಒಂದು ಕಣ್ಣು ದಪ್ಪ, ಇನ್ನೊಂದು ಸಣ್ಣ. ಒಂದು ಹೆಜ್ಜೆ ಇಟ್ಟರೆ ಅದಲು ಬದಲು. ಗ್ರಾಫಿಕ್ಸ್ ಕಾರ್ಡ್ ಹಾಳಾಗಿದೆಯೇ?"

ಇಂಥ ಪ್ರಶ್ನೆ ಬಂದರೆ ನನಗೆ ಬಲು ಖುಷಿ. ಇದರ ಉತ್ತರ ಇರುವುದು ಪ್ರೈಮರಿ ಶಾಲೆಯ ಭಾಗಾಕಾರದಲ್ಲಿ. ಕಾರ್ಡಿಗೆ ಏನೂ ಆಗಿಲ್ಲ, ಲೆಕ್ಕದಲ್ಲಿ ಶೇಷ ಉಳಿದಿದೆ, ಅಷ್ಟೆ.

ಇವರ ಗೇಮಿನ ಕ್ಯಾನ್ವಾಸು 320 ಪಿಕ್ಸೆಲ್ ಅಗಲ, 180 ಪಿಕ್ಸೆಲ್ ಎತ್ತರ. ಚಿತ್ರಗಳೆಲ್ಲ ಚೌಕ ಚೌಕವಾಗಿ ಕಾಣುವ ಪಿಕ್ಸೆಲ್ ಕಲೆಗೆ ಇದು ಜನಪ್ರಿಯ ಅಳತೆ. 2018ರಲ್ಲಿ ಬಂದು ಹೆಸರು ಮಾಡಿದ 'ಸೆಲೆಸ್ಟ್' ಗೇಮಿನ ಬೆಟ್ಟಗುಡ್ಡಗಳೂ ಇದೇ 320×180ರಲ್ಲಿ ಮೂಡಿ ಆಮೇಲೆ ದೊಡ್ಡದಾಗುತ್ತವೆ. ಕಾಲೇಜಿನ ಮಾನಿಟರ್ 1920×1080 ಇದ್ದಿರಬೇಕು. 1920ನ್ನು 320ರಿಂದ ಭಾಗಿಸಿದರೆ 6, 1080ನ್ನು 180ರಿಂದ ಭಾಗಿಸಿದರೂ 6. ಗೇಮಿನ ಒಂದೊಂದು ಪಿಕ್ಸೆಲೂ ಪರದೆಯ ಮೇಲೆ ಆರಕ್ಕೆ ಆರರ ಅಚ್ಚುಕಟ್ಟಾದ ಚೌಕವಾಗುತ್ತದೆ. ಶೇಷ ಸೊನ್ನೆ.

ಮನೆಯ ಲ್ಯಾಪ್‌ಟಾಪಿನ ಅಳತೆ 1366×768 ಅಂತೆ. ನಮ್ಮಲ್ಲಿ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಬಹಳ ವರ್ಷ ಓಡಿದ ಪರದೆ ಅದು. 768ನ್ನು 180ರಿಂದ ಭಾಗಿಸಿ ನೋಡಿ: 4.27ರ ಹತ್ತಿರ, ಅಂದರೆ ನಾಲ್ಕೂಕಾಲಿಗಿಂತ ಒಂದು ಚೂರು ಹೆಚ್ಚು. ಪೇಚು ಶುರುವಾಗುವುದು ಇಲ್ಲೇ. ಪರದೆಯ ಮೇಲೆ ಕಾಲು ಪಿಕ್ಸೆಲ್ ಎಂಬುದಿಲ್ಲ. ಪರದೆಯ ಒಂದು ಚುಕ್ಕಿಗೆ ಒಂದೇ ಬಣ್ಣ. ಹಾಗಾಗಿ ಕಂಪ್ಯೂಟರ್ ಗೇಮಿನ ಕೆಲವು ಸಾಲುಗಳಿಗೆ ಪರದೆಯ ನಾಲ್ಕು ಗೆರೆ ಕೊಡುತ್ತದೆ, ಕೆಲವಕ್ಕೆ ಐದು ಕೊಡುತ್ತದೆ. ಲೆಕ್ಕ ಹಾಕಿದರೆ ಗೇಮಿನ ಪ್ರತಿ 15 ಸಾಲಿಗೆ ಪರದೆಯ 64 ಗೆರೆ ಸಿಗುತ್ತವೆ. ಹದಿನೈದು ನಾಲ್ಕಲಿ ಅರವತ್ತು. ಮಿಕ್ಕ ನಾಲ್ಕು ಗೆರೆ ಯಾವುದೋ ನಾಲ್ಕು ಸಾಲಿನ ಪಾಲು. ಒಟ್ಟು 180 ಸಾಲಿನಲ್ಲಿ 48 ಸಾಲು ದಪ್ಪ, 132 ಸಾಲು ಸಣ್ಣ. ಅಡ್ಡಡ್ಡಕ್ಕೂ ಇದೇ ಕಥೆ.

ಯಾವ ಸಾಲು ದಪ್ಪ ಎಂಬುದು ಪರದೆಯ ಜಾಗಕ್ಕೆ ಅಂಟಿಕೊಂಡಿರುತ್ತದೆ, ಚಿತ್ರಕ್ಕಲ್ಲ. ಮುಖ್ಯವಾದ ಸಂಗತಿ ಇದು. ನಾಯಕನ ಕಣ್ಣು ಒಂದೇ ಪಿಕ್ಸೆಲಿನದು ಎಂದುಕೊಳ್ಳಿ. ಅವನು ನಿಂತ ಜಾಗದಲ್ಲಿ ಎಡಗಣ್ಣು ಐದು ಗೆರೆಯ ಸಾಲಿಗೆ ಬಿದ್ದಿದೆ, ಬಲಗಣ್ಣು ನಾಲ್ಕು ಗೆರೆಯದಕ್ಕೆ. ಒಂದು ಪಿಕ್ಸೆಲ್ ಮುಂದೆ ಸರಿದ ಕೂಡಲೇ ಎಡಗಣ್ಣು ಸಣ್ಣ ಸಾಲಿಗೆ ಬಂತು, ಬಲಗಣ್ಣು ದಪ್ಪ ಸಾಲಿಗೆ ಹೋಯಿತು. ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಾಗುವ ಗೇಮಿನಲ್ಲಿ ಇದು ಮುಖವೆಲ್ಲ ಅದುರಿದಂತೆ ಕಾಣುತ್ತದೆ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳ ಅಂತರ ಅಲ್ಲೊಂದು ಇಲ್ಲೊಂದು ಹೆಚ್ಚಾದರೆ ಎಳೆ ಸೊಟ್ಟಗಾಗುವುದಿಲ್ಲವೇ, ಹಾಗೆಯೇ. ಆದರೆ ಇಲ್ಲಿ ಚಿತ್ರ ಚಲಿಸುತ್ತಿರುವುದರಿಂದ ಸೊಟ್ಟವೂ ಅದರ ಮೈಮೇಲೆ ಹರಿದಾಡುತ್ತದೆ.

ನಿಮ್ಮ ಗೇಮಿನಲ್ಲಿ ಹೀಗಾಗುತ್ತಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಒಂದು ಕಪ್ಪು, ಒಂದು ಬಿಳಿ ಎಂದು ಪಿಕ್ಸೆಲ್ ಬಿಟ್ಟು ಪಿಕ್ಸೆಲ್ ಚದುರಂಗದ ಮಣೆಯಂಥ ಚಿತ್ರವನ್ನು ಇಡೀ ಕ್ಯಾನ್ವಾಸಿಗೆ ತುಂಬಿ. ಹಿಗ್ಗುವಿಕೆ ಸರಿಯಾಗಿದ್ದರೆ ಎಲ್ಲ ಕಡೆ ಒಂದೇ ಸಮ ಕಾಣುತ್ತದೆ. ತಪ್ಪಿದ್ದರೆ ಉದ್ದಕ್ಕೂ ಅಡ್ಡಕ್ಕೂ ಪಟ್ಟೆಗಳು ಎದ್ದು ಕಾಣುತ್ತವೆ. ನಾನು ಇಂಥ ಪಟ್ಟೆಗಳನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಪಕ್ಕಪಕ್ಕದ ಚೌಕಗಳಲ್ಲಿ ಒಂದು ನಿಜವಾಗಿಯೂ ಒಂದು ಗೆರೆ ದಪ್ಪ ಇರುವುದು ಸ್ಪಷ್ಟವಾಗಿ ಕಾಣುತ್ತದೆ.

ಹಾಗಾದರೆ ಪರಿಹಾರ? ಶೇಷವನ್ನು ಬಿಟ್ಟುಬಿಡುವುದು. 4.27 ಪಟ್ಟಿನ ಬದಲು ನಾಲ್ಕೇ ಪಟ್ಟು ಹಿಗ್ಗಿಸಿ. ಚಿತ್ರ 1280×720 ಆಗುತ್ತದೆ. 1366ರಲ್ಲಿ 1280 ಕಳೆದರೆ 86. ಎಡಕ್ಕೆ 43, ಬಲಕ್ಕೆ 43. 768ರಲ್ಲಿ 720 ಕಳೆದರೆ 48. ಮೇಲೆ 24, ಕೆಳಗೆ 24. ಸುತ್ತ ಒಂದು ಕಪ್ಪು ಅಂಚು, ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಚಿತ್ರ.

ಇಷ್ಟು ಹೇಳಿದ ತಕ್ಷಣ ಗೊಣಗಾಟ ಶುರುವಾಗುತ್ತದೆ: "ದುಡ್ಡು ಕೊಟ್ಟು ತಂದ ಪರದೆ, ಸುತ್ತ ಖಾಲಿ ಬಿಡುವುದೇ?" ಈ ಮೂಢನಂಬಿಕೆಯನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. 4:3 ಅನುಪಾತದ ಹಳೆಯ ಕಾರ್ಯಕ್ರಮವನ್ನು 16:9 ಟೀವಿಯ ತುಂಬ ಎಳೆದು ಕೂರಿಸುತ್ತಾರೆ. ಅಗಲ ಮೂರನೇ ಒಂದು ಪಾಲು ಹೆಚ್ಚಿ ಎಲ್ಲರ ಕೆನ್ನೆಯೂ ಊದಿಕೊಳ್ಳುತ್ತದೆ, ಗಾಡಿಯ ಚಕ್ರ ಮೊಟ್ಟೆಯಾಕಾರ ತಾಳುತ್ತದೆ. ಅದನ್ನೇ ಗಂಟೆಗಟ್ಟಲೆ ನೋಡುತ್ತಾರೆ, ಕಪ್ಪು ಪಟ್ಟಿಯನ್ನು ಮಾತ್ರ ಸಹಿಸುವುದಿಲ್ಲ! ಕಪ್ಪು ಪಟ್ಟಿ ದೋಷವಲ್ಲ. ಅನುಪಾತ ಕೆಡದಿರಲೆಂದು ಕೊಟ್ಟ ಜಾಗ ಅದು. ಗೇಮಿನಲ್ಲಂತೂ ಅಗಲವನ್ನೂ ಎತ್ತರವನ್ನೂ ಬೇರೆ ಬೇರೆ ಎಳೆಯುವುದನ್ನು ನಾನು ಒಪ್ಪುವುದೇ ಇಲ್ಲ. ಎರಡು ಭಾಗಲಬ್ಧಗಳಲ್ಲಿ ಚಿಕ್ಕದು ಯಾವುದೋ ಅದನ್ನೇ ಎರಡೂ ಕಡೆಗೆ ಬಳಸಬೇಕು. 2400×1080 ಪರದೆಯ ಫೋನನ್ನು ಅಡ್ಡ ಹಿಡಿದರೆ ಅಗಲಕ್ಕೆ ಏಳೂವರೆ ಪಟ್ಟು ಜಾಗವಿದೆ, ಎತ್ತರಕ್ಕೆ ಆರೇ ಪಟ್ಟು. ಆದ್ದರಿಂದ ಆರು, ಎಡಬಲಗಳಲ್ಲಿ 240ರಷ್ಟು ಖಾಲಿ. ಬೆರಳಿನ ಗುಂಡಿಗಳನ್ನು ಅಲ್ಲೇ ಇಡಬಹುದು.

ಶೇಷವೇ ಉಳಿಯದಂಥ ಪರದೆಯನ್ನೇ ಆರಿಸಿಕೊಂಡವರೂ ಇದ್ದಾರೆ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. 1989ರ ಗೇಮ್ ಬಾಯ್ ಪರದೆ 160×144. ಇಂದಿನ 1080 ಗೆರೆಯ ಮಾನಿಟರಿನಲ್ಲಿ ಅದು ಏಳೂವರೆ ಪಟ್ಟಾಗುತ್ತದೆ, ಸರಿಹೊಂದುವುದಿಲ್ಲ. 2021ರ ಕೊನೆಗೆ ಮಾರುಕಟ್ಟೆಗೆ ಬಂದ 'ಅನಲಾಗ್ ಪಾಕೆಟ್' ಎಂಬ ಕೈಯಲ್ಲಿ ಹಿಡಿಯುವ ಯಂತ್ರದ ಪರದೆ 1600×1440. ಸರಿಯಾಗಿ ಹತ್ತು ಪಟ್ಟು! ಹಳೆಯ ಒಂದು ಪಿಕ್ಸೆಲಿಗೆ ಹೊಸ ನೂರು ಪಿಕ್ಸೆಲ್.

ಈಗ ಬ್ರೌಸರಿಗೆ ಬರೋಣ. ಅಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಕ್ಯಾನ್ವಾಸನ್ನು ಹಿಗ್ಗಿಸಿದರೆ ಬ್ರೌಸರು ತಾನಾಗಿಯೇ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ನುಣುಪು ಮಾಡುತ್ತದೆ. ಫೋಟೋಗೆ ಅದು ಚೆನ್ನ, ಪಿಕ್ಸೆಲ್ ಕಲೆಗೆ ಮಂಜು ಕವಿದಂತೆ. ಸಿಎಸ್ಎಸ್‌ನಲ್ಲಿ `image-rendering: pixelated` ಎಂದು ಒಂದು ಸಾಲು ಬರೆದರೆ ಬೆರೆಸುವುದು ನಿಲ್ಲುತ್ತದೆ. ಎಷ್ಟೋ ಜನ ಇಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮಂಜು ಹೋಗುತ್ತದೆ ನಿಜ, ನಡುಕ ಹೋಗುವುದಿಲ್ಲ.

ಎರಡನೆಯದು ಹೆಚ್ಚು ಕಾಡುವಂಥದು. ಬ್ರೌಸರು ಹೇಳುವ ಪಿಕ್ಸೆಲೂ ಪರದೆಯ ನಿಜವಾದ ಪಿಕ್ಸೆಲೂ ಒಂದೇ ಅಲ್ಲ. 1920×1080ರ ಲ್ಯಾಪ್‌ಟಾಪಿನಲ್ಲಿ ಅಕ್ಷರ ದೊಡ್ಡದಾಗಿ ಕಾಣಲೆಂದು ವಿಂಡೋಸ್ ಅನೇಕ ವೇಳೆ ಎಲ್ಲವನ್ನೂ 125 ಪರ್ಸೆಂಟ್ ಹಿಗ್ಗಿಸಿರುತ್ತದೆ. ಆಗ ಬ್ರೌಸರಿನ ಲೆಕ್ಕದಲ್ಲಿ ಪರದೆಯ ಅಗಲ 1536, ಎತ್ತರ 864. ಅದನ್ನು ನಂಬಿ ಭಾಗಿಸಿದರೆ 4.8, ಶೇಷ ಬಿಟ್ಟು ನಾಲ್ಕು ಎನ್ನುತ್ತೀರಿ. ನಿಜವಾದ ಪರದೆಯಲ್ಲಿ ಆರು ಪಟ್ಟು ಅಂಚಿಲ್ಲದೆ ತುಂಬುವ ಚಿತ್ರ ಐದೇ ಪಟ್ಟಿಗೆ ನಿಂತು ಸುಮ್ಮನೆ ಜಾಗ ಹಾಳಾಗುತ್ತದೆ. ಕಿಟಕಿ ಚಿಕ್ಕದಾಗಿ ಮೂರು ಪಟ್ಟು ಬಂದರೆ ಇನ್ನೂ ಕೆಟ್ಟದು: ಮೂರನ್ನು 1.25ರಿಂದ ಗುಣಿಸಿದರೆ ನಿಜವಾದ ಪಿಕ್ಸೆಲಿನಲ್ಲಿ ಮೂರೂಮುಕ್ಕಾಲು. ಪೂರ್ಣಾಂಕವನ್ನೇ ಕೊಟ್ಟಿದ್ದೇನೆ ಎಂದು ನೀವು ನಂಬಿರುತ್ತೀರಿ, ಮುಖ ಮಾತ್ರ ನಡುಗುತ್ತಲೇ ಇರುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಆಡುವವರು ಪುಟವನ್ನು ಝೂಮ್ ಮಾಡಿದರೂ ಹೀಗೇ ಆಗುತ್ತದೆ.

ಆದ್ದರಿಂದ ಮೊದಲು ನಿಜವಾದ ಪಿಕ್ಸೆಲಿಗೆ ಬದಲಿಸಿಕೊಂಡು ಭಾಗಿಸಬೇಕು, ಶೇಷ ಬಿಡಬೇಕು, ಕೊನೆಗೆ ಬ್ರೌಸರಿನ ಅಳತೆಗೆ ಮರಳಬೇಕು:

```js
const d = window.devicePixelRatio;
const n = Math.max(1, Math.floor(Math.min(
  innerWidth * d / 320, innerHeight * d / 180)));
canvas.style.width  = (320 * n / d) + "px";
canvas.style.height = (180 * n / d) + "px";
```

ಮೇಲಿನ ಲ್ಯಾಪ್‌ಟಾಪಿನಲ್ಲಿ ಬ್ರೌಸರು ಪರದೆ ತುಂಬ ಇದ್ದಾಗ ಇದು `n` ಬೆಲೆ 6 ಎಂದು ಕೊಡುತ್ತದೆ. ಕ್ಯಾನ್ವಾಸಿಗೆ 1536ರ ಅಗಲ, ಪರದೆಯ ಮೇಲೆ ಪೂರಾ 1920. ಕಿಟಕಿಯ ಅಳತೆ ಬದಲಾದಾಗಲೆಲ್ಲ ಈ ಲೆಕ್ಕ ಮತ್ತೆ ನಡೆಯಬೇಕು. ಚಿತ್ರವನ್ನು ನಡುವೆ ಕೂರಿಸುವಾಗಲೂ ಎಚ್ಚರ ಬೇಕು. ಉಳಿದ ಜಾಗ ಬೆಸ ಸಂಖ್ಯೆಯಾದರೆ ಅದರ ಅರ್ಧ ಅರೆ ಪಿಕ್ಸೆಲಿಗೆ ಬೀಳುತ್ತದೆ, ಚಿತ್ರದ ಅಂಚು ಮಸುಕಾಗಬಹುದು. ಎಡದ ಅಂಚನ್ನೂ ನಿಜವಾದ ಪಿಕ್ಸೆಲಿನ ಲೆಕ್ಕದಲ್ಲೇ ಪೂರ್ಣಾಂಕಕ್ಕೆ ಇಳಿಸಿ.

ಕಪ್ಪು ಅಂಚು ಬೇಡವೇ ಬೇಡ ಎನ್ನುವವರಿಗೆ ಒಂದು ಜಾಣ ರಾಜಿಯಿದೆ. ಹಳೆಯ ಗೇಮುಗಳನ್ನು ಇಂದಿನ ಯಂತ್ರದಲ್ಲಿ ಓಡಿಸುವ ರೆಟ್ರೋಆರ್ಚ್‌ನಲ್ಲೂ ಇದು ಸಿಗುತ್ತದೆ. ಓದುಗರ ಮನೆಯ ಲ್ಯಾಪ್‌ಟಾಪಿನಲ್ಲಾದರೆ ಚಿತ್ರವನ್ನು ಮೊದಲು ಬೇಕಾದುದಕ್ಕಿಂತ ಹೆಚ್ಚು, ಅಂದರೆ ಸರಿಯಾಗಿ ಐದು ಪಟ್ಟು, ಬಣ್ಣ ಬೆರೆಸದೆ 1600×900ಕ್ಕೆ ಹಿಗ್ಗಿಸುತ್ತಾರೆ. ಆಮೇಲೆ ನುಣುಪು ಮಾಡುತ್ತ 1365×768ಕ್ಕೆ ಕುಗ್ಗಿಸುತ್ತಾರೆ. ಆಗ ಪ್ರತಿ ಚೌಕದ ಒಳಗಿನ ಮೂರು-ನಾಲ್ಕು ಗೆರೆ ಶುದ್ಧ ಬಣ್ಣದಲ್ಲೇ ಇರುತ್ತವೆ. ಎರಡು ಚೌಕಗಳ ಗಡಿಯಲ್ಲಿ ಮಾತ್ರ ಹೆಚ್ಚೆಂದರೆ ಒಂದು ಗೆರೆ ಎರಡೂ ಬಣ್ಣಗಳ ಮಿಶ್ರಣ. ಆ ಮಿಶ್ರಣ ಎಷ್ಟು ಪಾಲು ಎಂಬುದರಲ್ಲೇ ಕಾಲು ಪಿಕ್ಸೆಲಿನ ಲೆಕ್ಕ ಅಡಗಿರುತ್ತದೆ. ಎರಡೂ ಕಣ್ಣು ಒಂದೇ ದಪ್ಪ ಕಾಣುತ್ತವೆ, ನಡುಕ ನಿಲ್ಲುತ್ತದೆ, ಪರದೆಯೂ ತುಂಬುತ್ತದೆ. ನಾಲ್ಕು ಪಟ್ಟಿನ ಮೇಲೆ ಇದು ಬಲು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೂವರೆ ಪಟ್ಟಿನಂಥ ಸಣ್ಣ ಹಿಗ್ಗುವಿಕೆಯಲ್ಲಿ ಮಾತ್ರ ಆ ಒಂದು ಗೆರೆಯೇ ಚೌಕದ ಬಹುಪಾಲು ನುಂಗಿ ಚಿತ್ರ ಮಂಕಾಗುತ್ತದೆ.

ಹೊಸದಾಗಿ ಗೇಮ್ ಮಾಡಲು ಹೊರಟವರಿಗೆ ಒಂದು ಮಾತು. ಕ್ಯಾನ್ವಾಸಿನ ಅಳತೆಯನ್ನು ಮೊದಲ ದಿನವೇ ಭಾಗಿಸಿ ನೋಡಿ ಆರಿಸಿಕೊಳ್ಳಿ. ಚಿತ್ರಗಳನ್ನೆಲ್ಲ ಬಿಡಿಸಿದ ಮೇಲೆ ಬದಲಿಸಲಾಗದು. 180 ಎತ್ತರ ತೆಗೆದುಕೊಂಡರೆ 720, 1080, 1440, 2160 ಗೆರೆಯ ಪರದೆಗಳಿಗೆ ಕ್ರಮವಾಗಿ 4, 6, 8, 12 ಪಟ್ಟು, ಎಲ್ಲೂ ಶೇಷವಿಲ್ಲ. 270 ತೆಗೆದುಕೊಂಡರೆ 1080ಕ್ಕೆ 4, 2160ಕ್ಕೆ 8 ಸರಿಹೋಗುತ್ತದೆ, 720 ಮತ್ತು 1440ಕ್ಕೆ ಹೊಂದುವುದಿಲ್ಲ. ಪೂರ್ಣಾಂಕದ ಹಿಗ್ಗುವಿಕೆ, ಪರದೆ ತುಂಬುವ ರಾಜಿ ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಕೊಟ್ಟು ಆಡುವವರೇ ಆರಿಸಿಕೊಳ್ಳಲು ಬಿಡಿ. ಮೊದಲೇ ಆರಿಸಿಟ್ಟಿರಬೇಕಾದದ್ದು ಮಾತ್ರ ಪೂರ್ಣಾಂಕದ್ದು.