ತಪ್ಪಿದ ಅಕ್ಷರವನ್ನು ಮುಟ್ಟದ ಕ್ರಿಸ್ಪರ್ ಚಿಕಿತ್ಸೆ

ಕ್ರಿಸ್ಪರ್ ತಂತ್ರದಿಂದ ರೂಪುಗೊಂಡ ಮೊದಲ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಮರುತಿಂಗಳು ಅಮೆರಿಕ ಒಪ್ಪಿಗೆ ಕೊಟ್ಟವು. ಕ್ಯಾಸ್‌ಜೆವಿ ಎಂಬ ಈ ಚಿಕಿತ್ಸೆ ಕುಡುಗೋಲು ಕಣ ಕಾಯಿಲೆ, ಅಂದರೆ ಸಿಕಲ್ ಸೆಲ್ ಅನೀಮಿಯಾ ಇರುವವರಿಗಾಗಿ ಬಂದದ್ದು. ವಂಶವಾಹಿಯಲ್ಲಿನ ತಪ್ಪನ್ನು ಹುಡುಕಿ ತಿದ್ದಿಬಿಡುತ್ತಾರೆ ಎಂದೇ ಕೇಳಿದವರಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಆ ತಪ್ಪು ರೋಗಿಯ ಜೀವಕೋಶದಲ್ಲಿ ಹಾಗೇ ಉಳಿಯುತ್ತದೆ. ಹಾಗಿದ್ದೂ ಕಾಯಿಲೆ ಹಿಮ್ಮೆಟ್ಟುವುದು ಹೇಗೆ ಎಂಬುದನ್ನು ನೋಡಿದರೆ, ಕ್ರಿಸ್ಪರ್‌ನ ಶಕ್ತಿ ಮತ್ತು ಮಿತಿ ಎರಡೂ ಗೊತ್ತಾಗುತ್ತವೆ.

ಕಾಯಿಲೆಯ ಮೂಲ ಒಂದೇ ಒಂದು ಅಕ್ಷರ. ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸುವ ಬೀಟಾ ಗ್ಲೋಬಿನ್ ವಂಶವಾಹಿಯಲ್ಲಿ ‘ಎ’ ಇರಬೇಕಾದ ಕಡೆ ‘ಟಿ’ ಬಂದಿರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಇಂಥ ವಂಶವಾಹಿಯೇ ಬಂದರೆ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿ ಸರಳುಗಳಂತಾಗುತ್ತವೆ. ದುಂಡಗಿರಬೇಕಾದ ಕೆಂಪು ರಕ್ತಕಣ ಬಾಗಿ, ಬಿರುಸಾಗಿ, ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ನೋವು ದಿನಗಟ್ಟಲೆ ಬಿಡುವುದಿಲ್ಲ. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಈ ಕಾಯಿಲೆ ಇದೆ.

ಇದೇ ರೋಗಿಗಳು ಹುಟ್ಟಿದ ಮೊದಲ ಕೆಲವು ತಿಂಗಳು ಆರೋಗ್ಯವಾಗಿರುತ್ತಾರೆ. ಗರ್ಭದಲ್ಲಿರುವಾಗ ಮಗು ಬೇರೊಂದು ವಂಶವಾಹಿಯಿಂದ ಬೇರೆ ಬಗೆಯ ಹಿಮೋಗ್ಲೋಬಿನ್ ತಯಾರಿಸುತ್ತದೆ. ಅದರಲ್ಲಿ ಈ ದೋಷ ಇರುವುದಿಲ್ಲ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಪ್ರೋಟೀನು ಆ ತಯಾರಿಕೆಯನ್ನು ಅದುಮಿಡುತ್ತದೆ. ಈ ಅದುಮುವಿಕೆಯನ್ನು ತೆಗೆದುಹಾಕಿದರೆ ಮಗುವಿನ ಕಾಲದ ಹಿಮೋಗ್ಲೋಬಿನ್ ಮತ್ತೆ ಬರಬೇಕಲ್ಲ? ಕ್ಯಾಸ್‌ಜೆವಿ ಮಾಡುವುದು ಅಷ್ಟೇ.

ಕ್ರಿಸ್ಪರ್‌ನಲ್ಲಿ ಎರಡು ಭಾಗಗಳಿವೆ. ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುವ ಕ್ಯಾಸ್9 ಎಂಬ ಪ್ರೋಟೀನು ಒಂದು, ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಆರ್‌ಎನ್‌ಎ ತುಣುಕು ಇನ್ನೊಂದು. ಈ ತುಣುಕಿನ 20 ಅಕ್ಷರಗಳಿಗೆ ಹೊಂದುವ ಜಾಗ ಸಿಕ್ಕಬೇಕು, ಅದರ ಪಕ್ಕದಲ್ಲೇ ಎರಡು ‘ಜಿ’ಗಳಿರುವ ಮೂರಕ್ಷರದ ಗುರುತೂ ಇರಬೇಕು. ಆಗ ಮಾತ್ರ ಕ್ಯಾಸ್9 ಕತ್ತರಿಸುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಜೀವಕೋಶದ್ದು. ತುಂಡಾದ ಡಿಎನ್‌ಎ ಕೋಶಕ್ಕೆ ಅಪಾಯವಾದ್ದರಿಂದ ಅದು ಅವಸರದಲ್ಲಿ ತುದಿಗಳನ್ನು ಜೋಡಿಸುತ್ತದೆ, ಹಾಗೆ ಜೋಡಿಸುವಾಗ ಕೆಲವು ಅಕ್ಷರಗಳು ಬಿಟ್ಟುಹೋಗುತ್ತವೆ ಇಲ್ಲವೇ ಹೆಚ್ಚಾಗಿ ಸೇರಿಕೊಳ್ಳುತ್ತವೆ. ಹೀಗಾಗಿ ಒಂದು ವಂಶವಾಹಿಯನ್ನು ಕೆಡಿಸುವುದು ಕ್ರಿಸ್ಪರ್‌ಗೆ ಸುಲಭ. ಕ್ಯಾಸ್‌ಜೆವಿ ರೂಪಿಸಿದವರು ಈ ಸುಲಭದ ಕೆಲಸವನ್ನೇ ನೆಚ್ಚಿಕೊಂಡರು. ಬಿಸಿಎಲ್11ಎ ವಂಶವಾಹಿಯೊಳಗೆ ಅದನ್ನು ಕೆಂಪು ರಕ್ತಕಣಗಳ ಪೀಳಿಗೆಯಲ್ಲಿ ಮಾತ್ರ ಚುರುಕಾಗಿಸುವ ಒಂದು ತುಣುಕಿದೆ. ಕತ್ತರಿ ಬೀಳುವುದು ಅಲ್ಲಿ. ಉಳಿದ ಕೋಶಗಳಿಗೆ ಬೇಕಾದ ಬಿಸಿಎಲ್11ಎ ಅಲ್ಲಲ್ಲಿ ಎಂದಿನಂತೆ ತಯಾರಾಗುತ್ತಲೇ ಇರುತ್ತದೆ. ಇದು ನಿಜಕ್ಕೂ ಜಾಣ ಆಯ್ಕೆ.

ಚಿಕಿತ್ಸೆ ಮಾತ್ರ ಕಠಿಣ. ಮೊದಲು ಔಷಧ ಕೊಟ್ಟು ಮಜ್ಜೆಯಲ್ಲಿರುವ ರಕ್ತದ ಕಾಂಡಕೋಶಗಳನ್ನು ರಕ್ತಕ್ಕೆ ಬರುವಂತೆ ಮಾಡಿ ಯಂತ್ರದಿಂದ ಸೋಸಿ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ವಿದ್ಯುತ್ ಮಿಡಿತ ಹಾಯಿಸಿ, ಕೋಶಪೊರೆ ಅರೆಗಳಿಗೆ ತೆರೆದುಕೊಂಡಾಗ ಕ್ರಿಸ್ಪರ್ ಒಳಸೇರಿಸುತ್ತಾರೆ. ತಯಾರಿಕೆ ಮತ್ತು ತಪಾಸಣೆಗೆ ಆರು ತಿಂಗಳವರೆಗೂ ಹಿಡಿಯಬಹುದು. ಬಳಿಕ ಬುಸಲ್ಫಾನ್ ಎಂಬ ಕಿಮೋ ಔಷಧದಿಂದ ರೋಗಿಯ ಹಳೆಯ ಮಜ್ಜೆಯನ್ನು ಬರಿದು ಮಾಡಿ, ತಿದ್ದಿದ ಕೋಶಗಳನ್ನು ರಕ್ತನಾಳದ ಮೂಲಕ ಹರಿಸುತ್ತಾರೆ. ಅವು ನೆಲೆಯೂರುವವರೆಗೆ ರೋಗಿಗೆ ಸೋಂಕಿನ ಭಯ. ಬುಸಲ್ಫಾನ್‌ನಿಂದ ಮಕ್ಕಳಾಗುವ ಶಕ್ತಿ ಹೋಗಬಹುದು. ಆದರೂ ಫಲ ದೊಡ್ಡದು: ಅಮೆರಿಕದ ಒಪ್ಪಿಗೆಯ ವೇಳೆಗೆ ಸಾಕಷ್ಟು ಕಾಲ ಗಮನಿಸಲಾಗಿದ್ದ 31 ರೋಗಿಗಳಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ಸತತವಾಗಿ ತೀವ್ರ ನೋವಿನ ಬಾಧೆ ಇಲ್ಲದೆ ಇದ್ದರು.

ಹಾಗಾದರೆ ತಪ್ಪಿದ ಅಕ್ಷರವನ್ನೇ ಏಕೆ ತಿದ್ದಲಿಲ್ಲ? ತಿದ್ದಬೇಕಾದರೆ ಕತ್ತರಿಸುವುದರ ಜೊತೆಗೆ ಸರಿಯಾದ ಪ್ರತಿಯೊಂದನ್ನೂ ಕೋಶದೊಳಗೆ ಕಳಿಸಬೇಕು, ಕೋಶ ಅದನ್ನು ನೋಡಿಕೊಂಡು ರಿಪೇರಿ ಮಾಡಬೇಕು. ಆ ಬಗೆಯ ರಿಪೇರಿ ನಡೆಯುವುದು ಬಹುಮಟ್ಟಿಗೆ ವಿಭಜನೆಗೆ ಸಜ್ಜಾದ ಕೋಶಗಳಲ್ಲಿ. ನಮಗೆ ಬೇಕಾದ ಕಾಂಡಕೋಶಗಳೋ ಹೆಚ್ಚು ಕಾಲ ಸುಮ್ಮನಿರುವಂಥವು. ಅಮೆರಿಕದ ಗ್ರಾಫೈಟ್ ಬಯೋ ಕಂಪನಿ ವೈರಸ್ಸಿನ ಮೂಲಕ ಸರಿಯಾದ ಪ್ರತಿ ಕಳಿಸಿ ಈ ದಾರಿಯನ್ನು ಪ್ರಯತ್ನಿಸಿತು. ಮೊದಲ ರೋಗಿಯಲ್ಲಿಯೇ ಎಲ್ಲ ಬಗೆಯ ರಕ್ತಕಣಗಳೂ ಬಹುಕಾಲ ಚೇತರಿಸಿಕೊಳ್ಳಲಿಲ್ಲ. 2023ರ ಜನವರಿಯಲ್ಲಿ ಪ್ರಯೋಗ ನಿಂತಿತು. ಎಳೆಗಳೆರಡನ್ನೂ ತುಂಡರಿಸದೆ ಅಕ್ಷರವನ್ನು ಮಾತ್ರ ಬದಲಿಸುವ ಬೇಸ್ ಎಡಿಟಿಂಗ್ ಎಂಬ ಹೊಸ ಉಪಾಯ ಈಗ ಬಂದಿದೆ. ಆದರೆ ಅದಕ್ಕೆ ಎಲ್ಲ ಬಗೆಯ ಅಕ್ಷರಬದಲಾವಣೆ ಸಾಧ್ಯವಿಲ್ಲ. ಸಿಕಲ್ ಸೆಲ್‌ನ ‘ಟಿ’ಯನ್ನು ಮತ್ತೆ ‘ಎ’ ಮಾಡುವುದು ಈಗ ಬಳಕೆಯಲ್ಲಿರುವ ಬೇಸ್ ಎಡಿಟರ್‌ಗಳಿಗೆ ಆಗದ ಕೆಲಸ.

ಕತ್ತರಿ ತಪ್ಪು ಜಾಗದಲ್ಲಿ ಬಿದ್ದರೆ ಎಂಬ ಭಯವೂ ಇದೆ. ಮನುಷ್ಯನ ಡಿಎನ್‌ಎಯ ಮಾದರಿ ಪ್ರತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಆ 20 ಅಕ್ಷರಗಳನ್ನು ಹೋಲುವ ಜಾಗಗಳನ್ನು ಪಟ್ಟಿ ಮಾಡಿ, ಅಲ್ಲೆಲ್ಲ ಗಾಯವಾಗಿದೆಯೇ ಎಂದು ನೋಡುವುದು ರೂಢಿ. ಆದರೆ ಮಾದರಿ ಪ್ರತಿಯೇ ಎಲ್ಲರ ಡಿಎನ್‌ಎ ಅಲ್ಲ. ಕ್ಯಾಸ್‌ಜೆವಿಯ ಆರ್‌ಎನ್‌ಎ ತುಣುಕನ್ನೇ ಇಟ್ಟುಕೊಂಡು ಪರೀಕ್ಷಿಸಿದ ಸಂಶೋಧಕರು 2023ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಆಫ್ರಿಕನ್ ಮೂಲದ ಕೆಲವರಲ್ಲಿ ಇನ್ನೊಂದೆಡೆ ಒಂದು ಅಕ್ಷರ ಬೇರೆಯಿದ್ದು, ಅದರಿಂದ ಅಲ್ಲಿ ಆ ಮೂರಕ್ಷರದ ಗುರುತು ಹೊಸದಾಗಿ ಮೂಡಿರುತ್ತದೆ. ಅಂಥವರ ಕೋಶಗಳಲ್ಲಿ ಕ್ಯಾಸ್9 ಆ ಜಾಗವನ್ನೂ ಕತ್ತರಿಸಿತು. ಮಾದರಿ ಪ್ರತಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗುತ್ತಿರಲಿಲ್ಲ. ನಮ್ಮ ಆದಿವಾಸಿ ಸಮುದಾಯಗಳಿಗೆ ಇಂಥ ಚಿಕಿತ್ಸೆ ಕೊಡುವ ದಿನ ಬಂದರೆ, ಅವರದೇ ಡಿಎನ್‌ಎಯಲ್ಲಿ ಈ ಹುಡುಕಾಟ ಮೊದಲು ನಡೆಯಲೇಬೇಕು.

ಸರಿಯಾದ ಜಾಗದಲ್ಲಿ ಕತ್ತರಿಸಿದರೂ ಎಲ್ಲ ಸಲೀಸಲ್ಲ. ಇಲಿಯ ಮತ್ತು ಮನುಷ್ಯನ ಕೋಶಗಳಲ್ಲಿ ಕತ್ತರಿಸಿದ ಜಾಗದ ಸುತ್ತ ಸಾವಿರಾರು ಅಕ್ಷರಗಳೇ ಕಳೆದುಹೋಗುವುದುಂಟು ಎಂದು 2018ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಅದುವರೆಗೆ ಇದು ಕಣ್ಣಿಗೆ ಬೀಳದಿರಲು ಕಾರಣ ಪರೀಕ್ಷೆಯಲ್ಲೇ ಇತ್ತು. ಪಿಸಿಆರ್ ಪರೀಕ್ಷೆ ಕತ್ತರಿಸಿದ ಜಾಗದ ಎರಡೂ ಪಕ್ಕದ ಚಿಕ್ಕ ತುಣುಕುಗಳನ್ನು ಹಿಡಿದುಕೊಂಡು ನಡುವಿನದನ್ನು ನಕಲು ಮಾಡುತ್ತದೆ. ಹಿಡಿಯಬೇಕಾದ ತುಣುಕೇ ಕಳೆದುಹೋಗಿದ್ದರೆ ನಕಲು ಬರುವುದಿಲ್ಲ. ಹೆಚ್ಚು ಹಾನಿಯಾದ ಕೋಶ ಲೆಕ್ಕಕ್ಕೇ ಬಾರದೆ, ಫಲಿತಾಂಶ ಚೊಕ್ಕಟವಾಗಿ ಕಾಣುತ್ತದೆ. ಉದ್ದನೆಯ ಎಳೆಗಳನ್ನೇ ಇಡಿಯಾಗಿ ಓದುವಂಥ ವಿಧಾನಗಳಿಂದ ಇಂಥ ನಷ್ಟ ಗೊತ್ತಾಗುತ್ತದೆ. ಭ್ರೂಣದಲ್ಲಂತೂ ಒಂದು ಕತ್ತರಿಕೆಯಿಂದ ಇಡೀ ಕ್ರೋಮೊಸೋಮೇ ಕಳೆದುಹೋದ ಉದಾಹರಣೆಗಳಿವೆ. ಭ್ರೂಣಕ್ಕೆ ಕ್ರಿಸ್ಪರ್ ಬೇಡ ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಕ್ಯಾಸ್‌ಜೆವಿ ಬದಲಿಸುವುದು ರಕ್ತದ ಕಾಂಡಕೋಶಗಳನ್ನು ಮಾತ್ರ. ಅಂಡಾಣು, ವೀರ್ಯಾಣುಗಳಲ್ಲಿ ಹಳೆಯ ಅಕ್ಷರವೇ ಇರುವುದರಿಂದ, ನೋವಿನಿಂದ ಪಾರಾದವರೂ ಮಕ್ಕಳಿಗೆ ಅದನ್ನು ದಾಟಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಇಟ್ಟ ಬೆಲೆ 22 ಲಕ್ಷ ಡಾಲರ್. ಬೆಲೆ ಇಳಿದರೂ ಮಜ್ಜೆ ಕಸಿ ಮಾಡಬಲ್ಲ ಆಸ್ಪತ್ರೆ ಬೇಕೇ ಬೇಕು. ಬೆಟ್ಟದ ಹಾಡಿಯಿಂದ ಅಂಥ ಆಸ್ಪತ್ರೆಗೆ ಬಂದು ವಾರಗಟ್ಟಲೆ ಉಳಿಯುವುದು ಸಣ್ಣ ಮಾತಲ್ಲ. ಕಿಮೋ ಇಲ್ಲದೆ, ಒಂದು ಚುಚ್ಚುಮದ್ದಿನಿಂದ ಕ್ರಿಸ್ಪರನ್ನು ನೇರ ಮಜ್ಜೆಗೆ ತಲುಪಿಸಬೇಕೆಂಬ ಸಂಶೋಧನೆ ನಡೆದಿದೆ. ಸದ್ಯಕ್ಕೆ ಕೊಬ್ಬಿನ ಸೂಕ್ಷ್ಮ ಹನಿಗಳಲ್ಲಿ ಕಳಿಸಿದ್ದೆಲ್ಲ ಹೆಚ್ಚಾಗಿ ಪಿತ್ತಜನಕಾಂಗಕ್ಕೇ ಹೋಗಿ ಸೇರುತ್ತದೆ.

ಪ್ರಯೋಗದಲ್ಲಿ ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸುವ ಏರ್ಪಾಡಿದೆ. ತಿದ್ದಿದ ಒಂದು ಕೋಶ ಕ್ಯಾನ್ಸರಿನತ್ತ ತಿರುಗುವುದಿದ್ದರೆ ಅದಕ್ಕೆ ಹಲವು ವರ್ಷ ಹಿಡಿಯಬಹುದು ಎಂಬುದೇ ಕಾರಣ. ಅಮೆರಿಕದಲ್ಲಿ ಸಿಕಲ್ ಸೆಲ್‌ಗೆ ಇದನ್ನು ಮೊದಲು ಪಡೆದ ವಿಕ್ಟೋರಿಯಾ ಗ್ರೇ ಅವರಿಗೆ ಕೋಶಗಳನ್ನು ಹರಿಸಿದ್ದು 2019ರಲ್ಲಿ. ಆ 15 ವರ್ಷ ತುಂಬುವುದು 2034ಕ್ಕೆ.