ಗಾಜಿನ ಮೇಲಿನ ಚೀಟಿ ಟೋಲ್ ಕಟ್ಟುವುದು ಹೇಗೆ?

ಕಾರಿನ ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನೊಳಗೆ ದುಡ್ಡೂ ಇಲ್ಲ, ಬ್ಯಾಟರಿಯೂ ಇಲ್ಲ. ಇರುವುದು ಸಾಸಿವೆಯಷ್ಟು ಚಿಕ್ಕ ಚಿಪ್ ಮತ್ತು ತೆಳು ಲೋಹದ ಆಂಟೆನಾ. ಬಿಡದಿ ಬಳಿಯ ಟೋಲ್‌ಗೆ ಬಂದಿರಿ ಎನ್ನಿ. ಲೇನ್‌ನ ಮೇಲಿರುವ ರೀಡರ್ ರೇಡಿಯೋ ತರಂಗ ಬಿಡುತ್ತದೆ. ಆ ತರಂಗದ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಸಂಖ್ಯೆ ಟೋಲ್‌ನ ಬ್ಯಾಂಕಿನಿಂದ ರಾಷ್ಟ್ರೀಯ ಪಾವತಿ ನಿಗಮದ ಮೂಲಕ ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಹಣ ಕಡಿತವಾಗುವುದು ಅಲ್ಲಿ. ಅದಕ್ಕೇ ಗೇಟ್ ದಾಟಿದ ಮೇಲೂ ಎಸ್ಸೆಮ್ಮೆಸ್ ತಡವಾಗಿ ಬರುವುದುಂಟು. ಹೈದರಾಬಾದ್ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲೂ ಇದೇ ಟ್ಯಾಗ್ ನಡೆಯುತ್ತದೆ. ಒಳಬಂದ, ಹೊರಹೋದ ಹೊತ್ತನ್ನು ನೋಡಿ ಶುಲ್ಕ ಲೆಕ್ಕ ಹಾಕುತ್ತಾರೆ.

ತೊಂದರೆ ಹೆಚ್ಚಾಗಿ ಅಂಟಿಸುವುದರಲ್ಲೇ ಇದೆ. ಲೋಹ ತರಂಗವನ್ನು ತಡೆಯುತ್ತದೆ, ಹಾಗಾಗಿ ಲೋಹದ ಲೇಪವಿರುವ ಸನ್ ಫಿಲ್ಮ್ ಮೇಲೆ ಟ್ಯಾಗ್ ಓದಿಸುವುದು ಕಷ್ಟ. ಕಿತ್ತು ಮತ್ತೆ ಅಂಟಿಸಿದರೆ ಆಂಟೆನಾ ಹರಿಯುತ್ತದೆ. ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗನ್ನು ಕಪ್ಪುಪಟ್ಟಿಗೆ ಸೇರಿಸಲು 2025ರಲ್ಲಿ ಹೆದ್ದಾರಿ ಪ್ರಾಧಿಕಾರ ಸೂಚಿಸಿದೆ.

ರಾಷ್ಟ್ರೀಯ ಹೆದ್ದಾರಿಯಲ್ಲಿ 100 ರೂಪಾಯಿ ಟೋಲ್‌ಗೆ, ಟ್ಯಾಗ್ ನಡೆಯದಿದ್ದರೆ, 2025ರ ನವೆಂಬರ್ 15ರಿಂದ ಯುಪಿಐನಲ್ಲಿ 125, ನಗದಿನಲ್ಲಿ 200 ಕೊಡಬೇಕೆಂಬ ನಿಯಮ ಬಂದಿತ್ತು. ಹೊರಡುವ ಮುನ್ನ ಬ್ಯಾಲೆನ್ಸ್ ಒಮ್ಮೆ ನೋಡಿಕೊಳ್ಳಿ.