ಅಮಾವಾಸ್ಯೆಗೂ ಬೆಳಕು ತರುವ ಎಐ: ಚಿತ್ರ ಹುಟ್ಟೋದು ನಾಯ್ಸ್ ಕಳೆದು

ಆಂಟೆನಾ ಇದ್ದ ಕಾಲದ ಟಿವಿ ನೆನಪಿದೆಯಾ? ಸಿಗ್ನಲ್ ಹೋದರೆ ಪರದೆ ತುಂಬ ಕಪ್ಪು-ಬಿಳಿ ಚುಕ್ಕಿಗಳು ಕುಣಿಯುತ್ತಿದ್ದವು. ಯಾರಾದರೂ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ ಹಾಗೆ ಚುಕ್ಕಿಗಳ ಹಿಂದೆ ಮುಖವೊಂದು ಮಸುಕಾಗಿ ಕಾಣೋದು, ಆಮೇಲೆ ಸ್ಪಷ್ಟವಾಗೋದು. ಆ ಚುಕ್ಕಿಗಳಿಗೆ ಎಂಜಿನಿಯರ್‌ಗಳು ಇಟ್ಟ ಹೆಸರು ನಾಯ್ಸ್. ರಾತ್ರಿ ಹೊತ್ತು ಫೋನ್‌ನಲ್ಲಿ ತೆಗೆದ ಫೋಟೊವನ್ನು ಜೂಮ್ ಮಾಡಿದರೆ ಕಾಣುವ ಮರಳಿನಂಥ ಕಣಗಳೂ ಅದೇ.

ನಾಲ್ಕು ಪದ ಟೈಪ್ ಮಾಡಿದರೆ ಚಿತ್ರ ಕೊಡುವ ಆ್ಯಪ್‌ಗಳಲ್ಲಿ ಬಹಳಷ್ಟರ ಹಿಂದಿರುವುದು ಡಿಫ್ಯೂಷನ್ ಮಾಡೆಲ್. ಅದು ಕಲಿತಿರುವ ವಿದ್ಯೆ ಒಂದೇ: ಚಿತ್ರದಲ್ಲಿ ಬೆರೆತಿರುವ ನಾಯ್ಸ್ ಯಾವುದು ಅಂತ ಊಹಿಸುವುದು. ಚಿತ್ರ ಬರೆಯೋದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಹಾಗಾದರೆ ಚಿತ್ರ ಎಲ್ಲಿಂದ ಬರುತ್ತೆ? ಅದಕ್ಕಿಂತ ವಿಚಿತ್ರವಾದ ಇನ್ನೊಂದು ಪ್ರಶ್ನೆಯೂ ಇದೆ. ಅಮಾವಾಸ್ಯೆ ರಾತ್ರಿಯ ಚಿತ್ರ ಕೇಳಿದರೆ ಇಂಥ ಮಾಡೆಲ್‌ಗಳು ಬಹಳ ದಿನ ಬೆಳದಿಂಗಳ ರಾತ್ರಿಯನ್ನೇ ಯಾಕೆ ಕೊಡುತ್ತಿದ್ದವು? ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತೆ.

ಮೊದಲು ಕೆಡಿಸೋದು

ಈ ವಿಧಾನದ ಮೂಲ ಯೋಚನೆಯನ್ನು 2015ರಲ್ಲಿ ಜಾಶ ಸೋಲ್-ಡಿಕ್‌ಸ್ಟೈನ್ ಮತ್ತು ಸಂಗಡಿಗರು ಪ್ರಕಟಿಸಿದರು. 2020ರಲ್ಲಿ ಬರ್ಕ್ಲಿಯ ಜೊನಾಥನ್ ಹೊ, ಅಜಯ್ ಜೈನ್ ಮತ್ತು ಪೀಟರ್ ಅಬೀಲ್ ಅದರಿಂದ ನಿಜಕ್ಕೂ ಒಳ್ಳೆಯ ಚಿತ್ರಗಳನ್ನು ತೆಗೆದು ತೋರಿಸಿದರು. ಮುಂದಿನ ಲೆಕ್ಕ ಅವರು ಬಳಸಿದ ಸಂಖ್ಯೆಗಳದ್ದೇ.

ಒಂದು ಫೋಟೊ ತಗೊಳ್ಳಿ: ಹಳೇ ಮನೆಯ ಜಗಲಿ, ಅದರ ಮೇಲೊಂದು ಹಣತೆ. ಇದಕ್ಕೆ ಒಂದು ಹಂತದಲ್ಲಿ ಚೂರೇ ಚೂರು ನಾಯ್ಸ್ ಬೆರೆಸುತ್ತಾರೆ. ಮುಂದಿನ ಹಂತದಲ್ಲಿ ಇನ್ನಷ್ಟು. ಹೀಗೆ 1000 ಹಂತ. ಪ್ರತಿ ಹಂತದಲ್ಲೂ ಮೂಲ ಚಿತ್ರದ ಪಾಲು ಕಡಿಮೆಯಾಗುತ್ತೆ, ನಾಯ್ಸ್ ಪಾಲು ಹೆಚ್ಚಾಗುತ್ತೆ. 500ನೇ ಹಂತಕ್ಕೆ ಬಂದಾಗ ಮೂಲದ ಪಾಲು ಸುಮಾರು 0.28, ನಾಯ್ಸ್ ಪಾಲು 0.96. ಕೊನೆಯ ಹಂತದಲ್ಲಿ ಮೂಲದ ಪಾಲು ಬರೀ 0.006. ಅಲ್ಲಿ ಹಣತೆಯೂ ಇಲ್ಲ, ಜಗಲಿಯೂ ಇಲ್ಲ, ಕಣ್ಣಿಗೆ ಕಾಣೋದು ಹಳೇ ಟಿವಿಯ ಚುಕ್ಕಿಗಳು ಮಾತ್ರ.

ಒಂದೇ ಪಿಕ್ಸೆಲ್ ಹಿಡಿದು ನೋಡೋಣ. ಹಣತೆಯ ಜ್ವಾಲೆಯ ಹತ್ತಿರದ ಒಂದು ಪಿಕ್ಸೆಲ್‌ನ ಹೊಳಪು 255ಕ್ಕೆ 230 ಇದೆ ಅಂತಿಟ್ಟುಕೊಳ್ಳಿ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಇದನ್ನು -1ರಿಂದ 1ರವರೆಗಿನ ಅಳತೆಗೆ ತರುತ್ತಾರೆ. 230 ಅಂದರೆ ಸುಮಾರು 0.8. ಈಗ ಕಂಪ್ಯೂಟರ್ ಈ ಪಿಕ್ಸೆಲ್‌ಗೆ ಒಂದು ರ‍್ಯಾಂಡಮ್ ಸಂಖ್ಯೆ ಎತ್ತುತ್ತೆ, -0.5 ಬಂತು ಅನ್ನೋಣ. 500ನೇ ಹಂತದಲ್ಲಿ ಈ ಪಿಕ್ಸೆಲ್‌ನ ಬೆಲೆ ಹೀಗಾಗುತ್ತೆ:

0.28 × 0.8 + 0.96 × (-0.5) = -0.256

ಮಾಡೆಲ್‌ಗೆ ಕೊಡೋದು ಈ -0.256, ಅಕ್ಕಪಕ್ಕದ ಪಿಕ್ಸೆಲ್‌ಗಳ ಇದೇ ಥರದ ಕೆಟ್ಟ ಬೆಲೆಗಳು, ಮತ್ತು ‘ಇದು 500ನೇ ಹಂತ’ ಅನ್ನುವ ಮಾಹಿತಿ. ಕೇಳೋ ಪ್ರಶ್ನೆ: ಇಲ್ಲಿ ಬೆರೆಸಿದ ರ‍್ಯಾಂಡಮ್ ಸಂಖ್ಯೆ ಎಷ್ಟು? ಸರಿ ಉತ್ತರ -0.5. ಮಾಡೆಲ್ -0.4 ಅಂದರೆ ತಪ್ಪು 0.1. ಆ ತಪ್ಪಿನ ವರ್ಗ ಕಡಿಮೆಯಾಗುವ ಹಾಗೆ ಮಾಡೆಲ್ ಒಳಗಿನ ಸಂಖ್ಯೆಗಳನ್ನು ಸ್ವಲ್ಪ ಸ್ವಲ್ಪ ತಿದ್ದುತ್ತಾರೆ. ಲಕ್ಷಾಂತರ ಚಿತ್ರ, ಬೇರೆ ಬೇರೆ ಹಂತ, ಪ್ರತಿ ಸಲ ಹೊಸ ನಾಯ್ಸ್. ತರಬೇತಿ ಅಂದರೆ ಇಷ್ಟೇ.

ಇದರ ಚೆಂದ ಏನು ಗೊತ್ತಾ? ನಾಯ್ಸ್ ಬೆರೆಸಿದವರು ನಾವೇ ಆದ್ದರಿಂದ ಸರಿ ಉತ್ತರ ನಮ್ಮ ಕೈಲೇ ಇರುತ್ತೆ. ಅದನ್ನು ಬರೆದಿಡೋಕೆ ಜನರನ್ನು ಕೂರಿಸಬೇಕಿಲ್ಲ. ಇನ್ನು, ಯಾವುದು ನಾಯ್ಸ್ ಅಂತ ಹೇಳಬೇಕಾದರೆ ಯಾವುದು ನಾಯ್ಸ್ ಅಲ್ಲ ಅನ್ನೋದೂ ಗೊತ್ತಿರಬೇಕು. ಜ್ವಾಲೆಯ ಪಕ್ಕ ಹೊಳಪು ಹೇಗೆ ಇಳಿಯುತ್ತೆ, ಜಗಲಿಯ ಅಂಚು ಹೇಗೆ ನೇರ ಹೋಗುತ್ತೆ ಅನ್ನುವುದನ್ನೆಲ್ಲ ಮಾಡೆಲ್ ಈ ಹಿಂಬಾಗಿಲಿನಿಂದಲೇ ಕಲಿಯುತ್ತೆ.

ಒಂದೇ ಸಲಕ್ಕೆ ಯಾಕೆ ಆಗಲ್ಲ?

ನಾಯ್ಸ್ ಎಷ್ಟು ಅಂತ ಗೊತ್ತಾದ ಮೇಲೆ ಅದನ್ನು ಒಟ್ಟಿಗೇ ಕಳೆದುಬಿಡಬಹುದಲ್ಲ, 1000 ಹಂತ ಯಾಕೆ? ಈ ಸಂಶಯ ಸಹಜ. ಮೇಲಿನ ಲೆಕ್ಕವನ್ನೇ ಹಿಂದಕ್ಕೆ ಮಾಡಿ ನೋಡಿ. ಮಾಡೆಲ್ ಊಹೆ -0.4 ಆದರೆ, ಅದನ್ನು ಕಳೆದು 0.28ರಿಂದ ಭಾಗಿಸಿದಾಗ ಸಿಗೋದು 0.46. ಅಂದರೆ 230 ಇದ್ದ ಹೊಳಪು 186 ಆಯ್ತು. ನಾಯ್ಸ್ ಊಹೆಯಲ್ಲಿ 0.1 ತಪ್ಪಿದ್ದಕ್ಕೆ ಚಿತ್ರದಲ್ಲಿ 0.34 ತಪ್ಪು. ಕೊನೆಯ ಹಂತದಿಂದ ನೇರವಾಗಿ ಜಿಗಿದರೆ ಭಾಗಿಸಬೇಕಾದ್ದು 0.006ರಿಂದ. ಅಲ್ಲಿ ಅದೇ 0.1ರ ತಪ್ಪು 15ಕ್ಕೂ ಹೆಚ್ಚಾಗುತ್ತೆ. ಪೂರ್ತಿ ಅಳತೆಯೇ -1ರಿಂದ 1 ಇರುವಾಗ!

ಮಾಡೆಲ್ ಎಷ್ಟೇ ಜಾಣ ಆದರೂ ಇನ್ನೊಂದು ತೊಡಕು ಉಳಿಯುತ್ತೆ. ತರಬೇತಿಯ ಅರ್ಧ ಫೋಟೊಗಳಲ್ಲಿ ಹಣತೆ ಎಡಕ್ಕಿದೆ, ಇನ್ನರ್ಧದಲ್ಲಿ ಬಲಕ್ಕಿದೆ ಅಂದುಕೊಳ್ಳಿ. ಪೂರ್ತಿ ನಾಯ್ಸ್ ಮುಂದಿಟ್ಟು ‘ಇದರ ಹಿಂದೆ ಏನಿತ್ತು?’ ಅಂದರೆ ಅದು ಏನು ಹೇಳಬೇಕು? ಎಡ ಅಂದರೂ ಅರ್ಧ ಸಲ ತಪ್ಪು, ಬಲ ಅಂದರೂ ಅರ್ಧ ಸಲ ತಪ್ಪು. ತಪ್ಪಿನ ವರ್ಗವನ್ನು ಕಡಿಮೆ ಮಾಡುವ ಉತ್ತರ ಸರಾಸರಿ: ಎರಡೂ ಕಡೆ ಮಂಕಾದ ಅರ್ಧಂಬರ್ಧ ದೀಪ. ಸಾವಿರಾರು ಬಗೆಯ ಚಿತ್ರಗಳ ಸರಾಸರಿ ಅಂದರೆ ಬೂದು ಬಣ್ಣದ ಮಸಿ, ಅಷ್ಟೆ.

ಅದಕ್ಕೇ ಈ ವಿಧಾನದಲ್ಲಿ ಊಹೆಯನ್ನು ಪೂರ್ತಿ ನಂಬೋದಿಲ್ಲ. 500ನೇ ಹಂತದಲ್ಲಿ ಊಹಿಸಿದ ನಾಯ್ಸ್‌ನ ಸುಮಾರು ನೂರನೇ ಒಂದು ಭಾಗವನ್ನು ಮಾತ್ರ ಕಳೆಯುತ್ತಾರೆ. ಮುಂದಿನ ಹಂತದಲ್ಲಿ ನಾಯ್ಸ್ ಎಷ್ಟಿರಬೇಕೋ ಅಷ್ಟಿರಲಿ ಅಂತ ಸ್ವಲ್ಪ ಹೊಸ ನಾಯ್ಸ್ ಸೇರಿಸುತ್ತಾರೆ. ಆಮೇಲೆ ಮತ್ತೆ ಕೇಳುತ್ತಾರೆ. ಈ ನಡುವೆ ಆಕಸ್ಮಿಕವಾಗಿ ಎಡಭಾಗ ಒಂದು ಚೂರು ಹೊಳಪಾಯ್ತು ಅನ್ನಿ. ಮುಂದಿನ ಊಹೆಯಲ್ಲಿ ಎಡದ ದೀಪಕ್ಕೆ ತೂಕ ಸ್ವಲ್ಪ ಹೆಚ್ಚು, ಅದರ ಮುಂದಿನದರಲ್ಲಿ ಇನ್ನೂ ಹೆಚ್ಚು. ಕೆಲವು ಹಂತ ಕಳೆಯುವಷ್ಟರಲ್ಲಿ ಬಲಗಡೆಯ ದೀಪ ಆರಿಹೋಗಿರುತ್ತೆ. ಹೀಗೆ ಮೊದಲು ಒಟ್ಟಾರೆ ಬೆಳಕು-ನೆರಳು, ಆಮೇಲೆ ಆಕಾರ, ಕೊನೆಗೆ ಗೋಡೆಯ ಸುಣ್ಣದ ಗೆರೆಗಳಂಥ ಸಣ್ಣ ವಿವರ ತೀರ್ಮಾನವಾಗುತ್ತೆ. ಹಂತ ಹಂತವಾಗಿ ಹೋಗೋದರ ಲಾಭ ಇದೇ, ಸರಾಸರಿಯಲ್ಲಿ ಸಿಕ್ಕಿಹಾಕಿಕೊಳ್ಳದೆ ಒಂದು ದಾರಿ ಹಿಡಿಯೋಕೆ ಮಾಡೆಲ್‌ಗೆ ಅವಕಾಶ ಸಿಗುತ್ತೆ.

ಹೊಸ ಚಿತ್ರ ಬೇಕಾದಾಗ ಮೂಲ ಫೋಟೊ ಇರೋದೇ ಇಲ್ಲ. ಶುದ್ಧ ನಾಯ್ಸ್‌ನಿಂದ ಶುರು ಮಾಡಿ ಇದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ನೀವು ಟೈಪ್ ಮಾಡಿದ ಪದಗಳು ಸಂಖ್ಯೆಗಳಾಗಿ ಪ್ರತಿ ಹಂತದಲ್ಲೂ ಜೊತೆಗಿದ್ದು ಊಹೆಯನ್ನು ನಿಮ್ಮ ಕಡೆ ವಾಲಿಸುತ್ತವೆ. 2020ರಲ್ಲೇ ಬಂದ ಡಿಡಿಐಎಂ ಎಂಬ ವಿಧಾನದಿಂದ 1000 ಹಂತಗಳ ಜಾಗದಲ್ಲಿ 50 ಸಾಕು ಅನ್ನುವಂತಾಯ್ತು. ಆದರೂ ‘ಒಂದೊಂದಾಗಿ ಕಳೆ’ ಅನ್ನುವ ತತ್ವ ಬದಲಾಗಲಿಲ್ಲ.

ಕತ್ತಲಾಗದ ರಾತ್ರಿ

ಈಗ ಅಮಾವಾಸ್ಯೆಗೆ ಬರೋಣ. 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಮಾಡೆಲ್, 512 × 512 ಪಿಕ್ಸೆಲ್ ಚಿತ್ರದ ಮೇಲೆ ನೇರವಾಗಿ ಕೆಲಸ ಮಾಡಲ್ಲ. ಅದನ್ನು 64 × 64 ಚೌಕದ ನಾಲ್ಕು ಪದರಗಳಾಗಿ ಕುಗ್ಗಿಸಿ, ನಾಯ್ಸ್ ಆಟವನ್ನೆಲ್ಲ ಅಲ್ಲಿ ಆಡುತ್ತೆ. ಲೆಕ್ಕ 48 ಪಟ್ಟು ಚಿಕ್ಕದಾಗುತ್ತೆ. ಆದರೆ ಅದರ ತರಬೇತಿಯ ಕೊನೆಯ ಹಂತದಲ್ಲೂ ಮೂಲ ಚಿತ್ರದ ಪಾಲು ಸೊನ್ನೆ ಆಗಿರಲಿಲ್ಲ, ಸುಮಾರು 0.068 ಉಳಿದಿತ್ತು.

ಇಷ್ಟರಿಂದ ಏನು ಮಹಾ ಆಗುತ್ತೆ ಅನ್ನಿಸಬಹುದು. ಒಂದೊಂದು ಜಾಗ ನೋಡಿದರೆ ನಿಜಕ್ಕೂ ಏನೂ ಕಾಣಲ್ಲ, ನಾಯ್ಸ್‌ನಲ್ಲಿ ಮುಳುಗಿರುತ್ತೆ. ಆದರೆ ಇಡೀ ಪದರದ ಸರಾಸರಿ ತೆಗೆದರೆ ಕಥೆ ಬೇರೆ. ನಾಯ್ಸ್‌ನಲ್ಲಿ ಪ್ಲಸ್ಸೂ ಮೈನಸ್ಸೂ ಸಮ ಇರೋದರಿಂದ 64 × 64, ಅಂದರೆ 4096 ಸಂಖ್ಯೆಗಳನ್ನು ಕೂಡಿಸಿ ಸರಾಸರಿ ತೆಗೆದಾಗ ಅವು ಒಂದನ್ನೊಂದು ಹೊಡೆದುಹಾಕಿ ಸುಮಾರು 0.016ರಷ್ಟು ಏರುಪೇರು ಮಾತ್ರ ಉಳಿಯುತ್ತೆ. ಸರಳವಾಗಿರಲಿ ಅಂತ, ಕತ್ತಲ ಚಿತ್ರದ ಸರಾಸರಿ -0.9 ಅಂದುಕೊಳ್ಳಿ. ಅದರ 0.068 ಪಾಲು -0.061. ಉಳಿದ ನಾಯ್ಸ್‌ನ ಸುಮಾರು ನಾಲ್ಕು ಪಟ್ಟು! ಅಂದರೆ, ‘ಇದು ಕತ್ತಲ ಚಿತ್ರವೋ ಬೆಳಕಿನದೋ’ ಅನ್ನುವ ಸುಳಿವು ಕೊನೆಯ ಹಂತದಲ್ಲೂ ಸೋರಿಕೆ ಆಗಿತ್ತು. ಮಾಡೆಲ್ ಸಹಜವಾಗಿಯೇ ಆ ಸುಳಿವನ್ನು ನಂಬೋದು ಕಲಿಯಿತು.

ನೀವು ಚಿತ್ರ ಕೇಳುವಾಗ ಶುರುವಾಗೋದು ಶುದ್ಧ ನಾಯ್ಸ್‌ನಿಂದ. ಅದರ ಸರಾಸರಿ ಸೊನ್ನೆಯ ಹತ್ತಿರ. ಮಾಡೆಲ್ ಅದನ್ನು ‘ಕತ್ತಲೂ ಅಲ್ಲ, ಬೆಳಕೂ ಅಲ್ಲ, ನಡುವಿನ ಚಿತ್ರ’ ಅಂತ ಓದಿಕೊಳ್ಳುತ್ತೆ. ನಿಮ್ಮ ಪದ ಅಮಾವಾಸ್ಯೆ ಅನ್ನುತ್ತೆ, ಸುಳಿವು ನಡುಬೆಳಕು ಅನ್ನುತ್ತೆ. ಎರಡಕ್ಕೂ ಒಪ್ಪುವ ಹಾಗೆ ಅದು ಕಪ್ಪು ಆಕಾಶ ಬರೆದು, ಲೆಕ್ಕ ಸರಿದೂಗಿಸೋಕೆ ದೊಡ್ಡ ಚಂದ್ರನನ್ನೋ ಮಂಜನ್ನೋ ಹೊಳೆಯುವ ಕಿಟಕಿಗಳನ್ನೋ ತಂದಿಡುತ್ತಿತ್ತು. ಹಾಲಿನಂಥ ಬಿಳಿ ಹಿನ್ನೆಲೆ ಕೇಳಿದರೂ ಹೀಗೇ ಬೂದು ಕಡೆ ಎಳೆಯುತ್ತಿತ್ತು.

2023ರಲ್ಲಿ ಬೈಟ್‌ಡ್ಯಾನ್ಸ್‌ನ ಶಾನ್‌ಚುವಾನ್ ಲಿನ್ ಮತ್ತು ಸಂಗಡಿಗರು ಈ ಸೋರಿಕೆಯನ್ನು ಬಿಡಿಸಿ ತೋರಿಸಿದರು. ಅವರ ಪರಿಹಾರದಲ್ಲಿ ಕೊನೆಯ ಹಂತದಲ್ಲಿ ಮೂಲದ ಪಾಲನ್ನು ನಿಖರವಾಗಿ ಸೊನ್ನೆಗೆ ತರುತ್ತಾರೆ. ಹಾಗೆ ಮಾಡಿದಾಗ ಹೊಸ ತಕರಾರು ಹುಟ್ಟುತ್ತೆ. ಅಲ್ಲಿ ಕೊಡೋದೇ ಬರೀ ನಾಯ್ಸ್ ಆದರೆ ‘ನಾಯ್ಸ್ ಯಾವುದು?’ ಅನ್ನುವ ಪ್ರಶ್ನೆಗೆ ಅರ್ಥವಿಲ್ಲ, ಪ್ರಶ್ನೆಪತ್ರಿಕೆಯನ್ನೇ ನಕಲು ಮಾಡಿದರೆ ಪೂರ್ತಿ ಅಂಕ. ಅದಕ್ಕೆ ನಾಯ್ಸ್ ಮತ್ತು ಚಿತ್ರ ಎರಡೂ ಸೇರಿದ ಒಂದು ಬೆಲೆಯನ್ನು ಊಹಿಸುವಂತೆ ಮಾಡೆಲ್‌ಗೆ ಮತ್ತೆ ತರಬೇತಿ ಕೊಟ್ಟರು. ಆಮೇಲೆ ಕಪ್ಪು ಕಪ್ಪಾಗಿಯೇ ಬಂತು. ಅದಕ್ಕೂ ಮೊದಲೇ ಬಳಕೆಗೆ ಬಂದ ಸುಲಭದ ಉಪಾಯ ‘ಆಫ್‌ಸೆಟ್ ನಾಯ್ಸ್’. ತರಬೇತಿಯಲ್ಲಿ ಇಡೀ ಪದರಕ್ಕೆ ಒಂದೇ ರ‍್ಯಾಂಡಮ್ ಸಂಖ್ಯೆಯನ್ನು ಸ್ವಲ್ಪ ಸೇರಿಸಿ, ಸರಾಸರಿಯ ಸುಳಿವನ್ನೇ ಕಲಕಿಬಿಡೋದು. ಸುಳಿವು ನಂಬೋಕಾಗದೆ ಮಾಡೆಲ್ ಪದಗಳ ಮಾತು ಕೇಳುತ್ತೆ.

ನೀವು ಬಳಸುವ ಮಾಡೆಲ್‌ನಲ್ಲಿ ಈ ದೋಷ ಇದೆಯಾ ಅಂತ ಪರೀಕ್ಷಿಸೋಕೆ `solid black background` ಅಂತ ಕೇಳಿ. ಬಂದ ಚಿತ್ರವನ್ನು ಹಿಸ್ಟೊಗ್ರಾಮ್ ತೋರಿಸುವ ಫೋಟೊ ಎಡಿಟರ್‌ನಲ್ಲಿ ತೆರೆಯಿರಿ. ಗುಡ್ಡೆ ಎಡ ಅಂಚಿಗೆ ಅಂಟಿಕೊಂಡಿದ್ದರೆ ಕತ್ತಲು ಸರಿಯಾಗಿದೆ. ನಾಲ್ಕೈದು ಸಲ ಕೇಳಿದಾಗಲೂ ಗುಡ್ಡೆ ನಡುವಿನ ಕಡೆ ಸರಿದಿದ್ದರೆ ಅಥವಾ ಕೇಳದೇ ಇದ್ದ ಬೆಳಕಿನ ಚುಕ್ಕೆ, ವಿನ್ಯಾಸಗಳು ಬಂದಿದ್ದರೆ, ಈ ಸೋರಿಕೆಯ ಮೇಲೆ ಅನುಮಾನ ಪಡಬಹುದು. ಅಂಥ ಮಾಡೆಲ್‌ನಲ್ಲಿ ‘ಇನ್ನೂ ಕತ್ತಲು, ತುಂಬಾ ಕತ್ತಲು’ ಅಂತ ಪದ ಸೇರಿಸುತ್ತಾ ಹೋದರೆ ಪ್ರಯೋಜನ ಕಡಿಮೆ. ಬಂದ ಚಿತ್ರವನ್ನು ಎಡಿಟರ್‌ನಲ್ಲೇ ಕತ್ತಲು ಮಾಡಿಕೊಳ್ಳೋದು ಬೇಗ ಆಗುವ ಕೆಲಸ.